ಪಿಎಸ್5: ಬಾಡಿಗೆಗೆ ತರೋದಾ, ಕೊಂಡುಕೊಳ್ಳೋದಾ?

ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ಹಾಗೆ ಒಂದೇ ದೊಡ್ಡ ಆಟವನ್ನು ತಿಂಗಳುಗಟ್ಟಲೆ, ರಾತ್ರಿ ಊಟ ಆದಮೇಲೆ ಸ್ವಲ್ಪ ಸ್ವಲ್ಪ ಆಡುವವರಾದರೆ ಡಿಸ್ಕ್ ಹಾಕುವ ಪಿಎಸ್5 ಕೊಂಡುಬಿಡಿ. ಬಾಡಿಗೆ ದುಡ್ಡಿಗಿಂತ ಡೆಪಾಸಿಟ್ಟೇ ಹೆಚ್ಚು ತಲೆ ತಿನ್ನುತ್ತದೆ.

ಬೆಂಗಳೂರಿನ ಒಂದು ಅಂಗಡಿಯಿಂದ ತಂದಿದ್ದೆ. ವಾರಕ್ಕೆ 2,500 ರೂಪಾಯಿ ಬಾಡಿಗೆ, 8,000 ಡೆಪಾಸಿಟ್, ಜೊತೆಗೆ ಆಧಾರ್ ಜೆರಾಕ್ಸ್. ವಾಪಸ್ ಕೊಡಲು ಹೋದಾಗ ಕಂಟ್ರೋಲರ್‌ನ ಎಡಗಡೆ ಸ್ಟಿಕ್ ಡ್ರಿಫ್ಟ್ ಆಗ್ತಿದೆ ಅಂತ 3,000 ಹಿಡಿದುಕೊಂಡರು.

ಡ್ರಿಫ್ಟ್ ಅಂದರೆ ಸ್ಟಿಕ್ ಮುಟ್ಟದಿದ್ದರೂ ಆಟದೊಳಗಿನ ಮನುಷ್ಯ ತಾನಾಗಿ ನಡೆಯತೊಡಗುವುದು. ಸ್ಟಿಕ್ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಸಣ್ಣ ತುದಿ ಉಜ್ಜುತ್ತಿರುತ್ತದೆ. ಬಳಸಿದಷ್ಟೂ ಪಟ್ಟಿ ಸವೆಯುತ್ತದೆ. ಬಾಡಿಗೆ ಕಂಟ್ರೋಲರ್ ಎಷ್ಟೋ ಜನರ ಕೈ ದಾಟಿ ಬಂದಿರುತ್ತದೆ, ಆ ಸವೆತದ ಪೂರ್ತಿ ಬಿಲ್ ಕೊನೆಯವನ ತಲೆಗೆ ಕಟ್ಟುವುದು ಅನ್ಯಾಯ ಅಲ್ವಾ? ಅವರ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: 'ಹಾನಿಯಾದರೆ ಗ್ರಾಹಕರೇ ಹೊಣೆ'. ಬಿದ್ದು ಒಡೆದದ್ದಕ್ಕೂ ಬಳಸಿ ಸವೆದದ್ದಕ್ಕೂ ಅದರಲ್ಲಿ ವ್ಯತ್ಯಾಸವೇ ಇಲ್ಲ.

ಹಾಗಾಗಿ ಬಾಡಿಗೆಗೆ ತರುವವರು ಅಂಗಡಿಯಲ್ಲೇ ಟಿವಿಗೆ ಹಾಕಿಸಿ, ಯಾವುದಾದರೂ ಆಟ ಶುರುಮಾಡಿ, ಕೈ ತೆಗೆದು ಅರ್ಧ ನಿಮಿಷ ಸುಮ್ನೆ ನೋಡಿ. ಆಮೇಲೆ ಎರಡೂ ಸ್ಟಿಕ್‌ಗಳನ್ನು ಒಂದೊಂದು ದಿಕ್ಕಿಗೂ ಪೂರ್ತಿ ತಳ್ಳಿ ಬಿಡಿ. ಬಿಟ್ಟ ಮೇಲೂ ಕ್ಯಾಮೆರಾ ನಿಧಾನಕ್ಕೆ ತಿರುಗುತ್ತಿದ್ದರೆ ಆ ಕಂಟ್ರೋಲರ್ ಬೇಡ. ಹಿಂದಿನ ಎಚ್‌ಡಿಎಂಐ ಕಿಂಡಿಗೆ ಟಾರ್ಚ್ ಬಿಟ್ಟು ಒಳಗಿನ ಪಿನ್ ಬಾಗಿದೆಯಾ ನೋಡಿ. ಇದನ್ನೆಲ್ಲ ಸೀರಿಯಲ್ ನಂಬರ್ ಕಾಣುವ ಹಾಗೆ ಒಂದೇ ವಿಡಿಯೋದಲ್ಲಿ ಹಿಡಿದು, ಅಲ್ಲೇ ಅಂಗಡಿಯವರ ವಾಟ್ಸಾಪ್‌ಗೆ ಕಳಿಸಿ. ಸ್ಟಿಕ್ ಸವೆತಕ್ಕೆ ದುಡ್ಡು ಹಿಡಿಯುವುದಿಲ್ಲ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಇನ್ನೊಂದು ತೊಂದರೆ: ಪಿಎಸ್5 ಆಟಗಳ ಸೇವ್ ಪೆನ್‌ಡ್ರೈವ್‌ಗೆ ಕಾಪಿ ಆಗುವುದಿಲ್ಲ. ಸೇವ್ ಅನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳಲು ಬೇಕಾದ ಪಿಎಸ್ ಪ್ಲಸ್ ಚಂದಾ ಇಲ್ಲದಿದ್ದರೆ ಅರ್ಧ ಆಡಿದ ಆಟ ಕನ್ಸೋಲ್ ಜೊತೆಗೇ ವಾಪಸ್ ಹೋಗುತ್ತದೆ.

ನಾನು ಆಮೇಲೆ ಕೊಂಡದ್ದು 54,990ಕ್ಕೆ. ಅದೇ ಬಾಡಿಗೆ ಲೆಕ್ಕದಲ್ಲಿ 22 ವಾರದ ದುಡ್ಡು. ಒಂದೇ ಸಲ ಅಷ್ಟು ಹೊಂದಿಸುವುದು ಕಷ್ಟವೇ, ಇಎಂಐ ಹಾಕಿಸಿದೆ. ಆಟಗಳನ್ನು ಸೆಕೆಂಡ್ ಹ್ಯಾಂಡ್ ಡಿಸ್ಕ್‌ನಲ್ಲೇ ತರುತ್ತೇನೆ, ಮುಗಿದ ಮೇಲೆ ಮಾರುತ್ತೇನೆ. ಹೋಗುವುದು ನಡುವಿನ ವ್ಯತ್ಯಾಸದ ದುಡ್ಡು ಮಾತ್ರ. ಡಿಜಿಟಲ್ ಆಗಿ ಕೊಂಡರೆ ಮಾರಲು ಬರುವುದಿಲ್ಲ, ಅದಕ್ಕೇ ಡಿಸ್ಕ್ ಇರುವುದೇ ತಗೊಳ್ಳಿ ಅಂದದ್ದು.

ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬರುತ್ತಾರೆ, ಒಂದು ವಾರ ಆಡಿದರೆ ಸಾಕು ಅನ್ನುವವರಿಗೆ ಬಾಡಿಗೆಯೇ ಸರಿ. ಎರಡನೇ ಕಂಟ್ರೋಲರ್ ಬೇಕಾದರೆ ಅದಕ್ಕೂ ಬೇರೆ ಡೆಪಾಸಿಟ್ ಕೇಳುತ್ತಾರಾ ಎಂದು ಮೊದಲೇ ವಿಚಾರಿಸಿ.