ಖಾತೆಯಿಂದ ಹಣ ಹೋಯಿತು, ಅಂಗಡಿಗೆ ಬರಲಿಲ್ಲ: ಕೊಡಗಿನ ಮಳೆಗಾಲಗಳಲ್ಲಿ ಬಳಸಿದ ಒಂದು ಪೇಮೆಂಟ್ ಆಪ್

ಹಾಲು, ದಿನಸಿಯಿಂದ ಹಿಡಿದು ತೋಟದ ಗೊಬ್ಬರದವರೆಗೆ ಎಲ್ಲಕ್ಕೂ ಕೆಲವು ವರ್ಷಗಳಿಂದ ಇದೇ ಆಪ್ ಬಳಸುತ್ತಿದ್ದೇನೆ. ಹೆಸರು ಬೇಡ, ಯುಪಿಐ ಆಪ್‌ಗಳೆಲ್ಲ ಒಳಗೆ ಓಡುವುದು ಒಂದೇ ದಾರಿಯಲ್ಲಿ. ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಕಡಿಮೆ ಮಾಡಿದ ಎರಡೂ ಒಂದೇ ಕಾರಣಕ್ಕೆ: ನಮ್ಮ ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ತಲುಪದಿದ್ದಾಗ ಈ ಆಪ್ ಬಾಯಿ ಬಿಡುವುದಿಲ್ಲ.

ಸೋಮವಾರಪೇಟೆ ಕಡೆ ಮಳೆ ಹಿಡಿಯಿತೆಂದರೆ ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಹಾಗಾಗಿ ಇಲ್ಲಿ ಏನೇ ಆದರೂ ಎಲ್ಲರ ಬಾಯಲ್ಲೂ ಒಂದೇ ಮಾತು: ‘ನೆಟ್‌ವರ್ಕ್ ಇಲ್ಲ.’ ಈ ವಿಷಯದಲ್ಲಿ ಆ ಮಾತು ಬಹುಪಾಲು ತಪ್ಪು. ಪಿನ್ ಒತ್ತುವ ಮೊದಲೇ ಸಿಗ್ನಲ್ ಹೋದರೆ ಹಣ ಅಲುಗಾಡುವುದಿಲ್ಲ. ಪಿನ್ ಒತ್ತಿ, ಕೋರಿಕೆ ಫೋನಿನಿಂದ ಹೊರಬಿದ್ದ ಮೇಲೆ ನಮ್ಮ ಸಿಗ್ನಲ್ ಇದ್ದರೂ ಇಲ್ಲದಿದ್ದರೂ ಕೆಲಸ ನಡೆಯುವುದು ಬ್ಯಾಂಕುಗಳ ಸರ್ವರ್‌ಗಳ ನಡುವೆ. ನಮಗೆ ಫಲಿತಾಂಶ ಕಾಣುವುದಿಲ್ಲ, ಅಷ್ಟೇ.

ಮಳೆಗೆ ಮೊದಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮೈಲುತುತ್ತು, ಸುಣ್ಣ ತರಲು ಹೋಗಿದ್ದ ದಿನದ ಕಥೆ ನೋಡಿ. ಬಿಲ್ಲು 2,340 ರೂಪಾಯಿ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಹಣ ಕಡಿತವಾಗಿದೆ ಎಂದು ನನ್ನ ಬ್ಯಾಂಕಿನ ಸಂದೇಶ ಬಂತು. ಆಪಿನಲ್ಲಿ ಮಾತ್ರ ‘ಪ್ರೊಸೆಸಿಂಗ್’ ಎಂಬ ಹಳದಿ ಚಕ್ರ ಸುತ್ತುತ್ತಲೇ ಇತ್ತು. ಅಂಗಡಿಯ ಸೌಂಡ್‌ಬಾಕ್ಸ್ ಸುಮ್ಮನಿತ್ತು.

ಆ ಹೊತ್ತಿನಲ್ಲಿ ನಡೆದದ್ದು ಇಷ್ಟು. ಯುಪಿಐ ಪಾವತಿಯಲ್ಲಿ ಕಡಿತ ಮತ್ತು ಜಮೆ ಎರಡು ಬೇರೆ ಬೇರೆ ಕೆಲಸಗಳು. ನಡುವೆ ನಿಂತಿರುವುದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಸ್ವಿಚ್, ಅಂದರೆ ಎರಡೂ ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಕಂಪ್ಯೂಟರ್ ವ್ಯವಸ್ಥೆ. ಅದು ಮೊದಲು ನನ್ನ ಬ್ಯಾಂಕಿಗೆ ‘ಇಷ್ಟು ಕಡಿತ ಮಾಡಿ’ ಎನ್ನುತ್ತದೆ. ಆಯಿತು ಎಂಬ ಉತ್ತರ ಬಂದ ಮೇಲೆ ಅಂಗಡಿಯ ಬ್ಯಾಂಕಿಗೆ ‘ಇಷ್ಟು ಜಮೆ ಮಾಡಿ’ ಎನ್ನುತ್ತದೆ. ಅಂಗಡಿಯ ಬ್ಯಾಂಕ್ ‘ಆಗದು’ ಎಂದು ಸ್ಪಷ್ಟವಾಗಿ ಹೇಳಿದರೆ ತೊಂದರೆಯಿಲ್ಲ, ಹಣ ಕೂಡಲೇ ನನಗೆ ಹಿಂತಿರುಗುತ್ತದೆ. ಉತ್ತರವೇ ಬಾರದಿದ್ದರೆ ಮಾತ್ರ ಫಜೀತಿ. ಸರ್ವರ್ ಮೇಲೆ ಹೊರೆ ಹೆಚ್ಚಾಗಿಯೋ ದುರಸ್ತಿ ನಡೆಯುತ್ತಿದ್ದೋ ಗಡುವಿನೊಳಗೆ ಉತ್ತರ ಬರಲಿಲ್ಲ ಎನ್ನಿ. ಜಮೆ ಆಗಿ ಉತ್ತರ ಮಾತ್ರ ಕಳೆದುಹೋಯಿತೋ, ಜಮೆಯೇ ಆಗಲಿಲ್ಲವೋ ಸ್ವಿಚ್‌ಗೆ ಗೊತ್ತಾಗುವುದಿಲ್ಲ. ಆಗ ಅದು ಹಣವನ್ನು ಹಿಂದಿರುಗಿಸುವಂತಿಲ್ಲ. ಅತ್ತ ಜಮೆಯೂ ಆಗಿದ್ದರೆ ಒಂದೇ ಹಣ ಎರಡು ಕಡೆ ಸಿಕ್ಕಂತಾಗುತ್ತದೆ. ಆದ್ದರಿಂದ ಅಂಥ ವ್ಯವಹಾರವನ್ನು ಆಗಿದೆ ಎಂದೇ ಭಾವಿಸಿ ಪಕ್ಕಕ್ಕಿಡುತ್ತಾರೆ. ಲೆಕ್ಕ ತಾಳೆ ನೋಡುವಾಗ ಅಂಗಡಿಯ ಬ್ಯಾಂಕ್ ತನ್ನ ಪುಸ್ತಕ ತೆರೆದು ಒಂದೋ ಜಮೆ ದೃಢಪಡಿಸಬೇಕು, ಇಲ್ಲವೇ ಹಣ ವಾಪಸು ಕಳಿಸಬೇಕು.

ಅಂಗಡಿಯವರು ಪರಿಚಯದವರು. ‘ಅಣ್ಣ, ಬಾಕ್ಸ್ ಕೂಗಲಿಲ್ಲ, ಇನ್ನೊಮ್ಮೆ ಹಾಕಿಬಿಡಿ, ಮೊದಲನೆಯದು ವಾಪಸು ಬರುತ್ತದೆ’ ಎಂದರು. ನಾನು ಒಪ್ಪಲಿಲ್ಲ. ಆಪಿನ ವ್ಯವಹಾರದ ವಿವರ ತೆರೆದು, ಅಲ್ಲಿದ್ದ 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆಯನ್ನು ಅವರ ಸಾಲದ ಪುಸ್ತಕದಲ್ಲಿ ಮೊತ್ತದ ಪಕ್ಕ ಬರೆಸಿ, ಸಾಮಾನು ಜೀಪಿಗೆ ಹಾಕಿಸಿಕೊಂಡು ಬಂದೆ. ಮರುದಿನ ಮಧ್ಯಾಹ್ನ ಅವರದೇ ಫೋನ್: ಹಣ ಬಂದಿದೆ, ಬಾಕ್ಸ್ ಮಾತ್ರ ಕೂಗಲೇ ಇಲ್ಲ. ತಡವಾಗಿ ಬಂದ ಜಮೆಯನ್ನು ಆ ಪೆಟ್ಟಿಗೆ ಸಾರಲೇಬೇಕೆಂದೇನೂ ಇಲ್ಲ. ಹಿಂದಿನ ದಿನ ಎರಡನೇ ಸಲ ಹಾಕಿದ್ದರೆ ಆ 2,340 ರೂಪಾಯಿ ಅವರ ಲೆಕ್ಕದಲ್ಲಿ ಯಾರದ್ದೆಂದು ತಿಳಿಯದೆ ಬಿದ್ದಿರುತ್ತಿತ್ತು. ಪರಿಚಯವಿಲ್ಲದ ಅಂಗಡಿಯಲ್ಲಿ ಹೀಗೆ ನಡೆಯುವುದಿಲ್ಲ ಎಂಬುದೂ ನಿಜ. ಮಡಿಕೇರಿಗೆ ಬಂದ ಪ್ರವಾಸಿಗೆ ಯಾರು ಸಾಲ ಬರೆಯುತ್ತಾರೆ? ಅಂಥವರು ನಗದು ಕೊಟ್ಟು, ಬಿಲ್ಲಿನ ಮೇಲೆ ಆ ಸಂಖ್ಯೆ ಬರೆಸಿ ಸಹಿ ಹಾಕಿಸಿಕೊಳ್ಳುವುದು ಮೇಲು.

ಬಾಕ್ಸ್ ಕೂಗಲಿಲ್ಲ ಎನ್ನುವುದಕ್ಕೂ ಹಣ ಬರಲಿಲ್ಲ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ಪೆಟ್ಟಿಗೆಯೊಳಗೆ ಬೇರೆಯೇ ಸಿಮ್ ಇರುತ್ತದೆ. ನೆಟ್‌ವರ್ಕಿನ ಮೇಲೆ ದೂರು ಹೊರಿಸುವುದು ನ್ಯಾಯವಾಗುವುದು ಇಲ್ಲಿ ಮಾತ್ರ. ನಮ್ಮ ಆಪಿನಲ್ಲಿ ‘ಯಶಸ್ವಿ’ ಎಂದು ಬಂದಿದ್ದು ಬಾಕ್ಸ್ ಮೂಕವಾಗಿದ್ದರೆ, ಅಂಗಡಿಯವರು ತಮ್ಮ ಆಪಿನ ಪಟ್ಟಿಯಲ್ಲಿ ಅದೇ ಸಂಖ್ಯೆಯನ್ನು ಹುಡುಕಬೇಕು. ಪಾಸ್‌ಬುಕ್ ನೋಡಿ ಪ್ರಯೋಜನವಾಗದಿರಬಹುದು. ಎಷ್ಟೋ ಅಂಗಡಿಗಳ ಕ್ಯೂಆರ್‌ಗೆ ಬಂದ ಹಣ ಮೊದಲು ಪಾವತಿ ಕಂಪನಿಯ ಖಾತೆಗೆ ಹೋಗಿ, ಆಮೇಲೆ ಇಡೀ ದಿನದ್ದು ಒಟ್ಟಾಗಿ ಅಂಗಡಿಯ ಖಾತೆಗೆ ಬೀಳುತ್ತದೆ. ಅಲ್ಲಿ 2,340 ಎಂಬ ಸಾಲೇ ಇರುವುದಿಲ್ಲ.

ಆಪಿನಲ್ಲಿ ‘ವಿಫಲ’ ಎಂದಿದ್ದೂ ಬ್ಯಾಂಕಿನಿಂದ ಕಡಿತದ ಸಂದೇಶ ಬರುವುದು ಇನ್ನೊಂದು ಬಗೆ. ನಮ್ಮ ಬ್ಯಾಂಕ್ ಕಡಿತ ಮಾಡಿದೆ, ಅದರ ಉತ್ತರ ಸ್ವಿಚ್‌ಗೆ ಸಮಯಕ್ಕೆ ಮುಟ್ಟಿಲ್ಲ. ಆಗ ಜಮೆಯ ಕೋರಿಕೆಯೇ ಹೊರಡುವುದಿಲ್ಲ, ಹಣ ನಮ್ಮ ಬ್ಯಾಂಕಿನಿಂದ ಆಚೆ ಹೋಗಿರುವುದೂ ಇಲ್ಲ. ನನಗೆ ಇಂಥವು ಸಾಮಾನ್ಯವಾಗಿ ಬೇಗ ಹಿಂತಿರುಗಿವೆ. ಈ ಸ್ಥಿತಿಯಲ್ಲಿ ಮತ್ತೊಮ್ಮೆ ಪಾವತಿ ಮಾಡಲು ನಾನು ಹೆದರುವುದಿಲ್ಲ. ಹೆದರಬೇಕಾದದ್ದು ಆ ಹಳದಿ ಚಕ್ರಕ್ಕೆ.

ಹಿಂತಿರುಗುವ ಗಡುವು ಆಪಿನ ಕೃಪೆಯಲ್ಲ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ನಿಯಮ. ವ್ಯಕ್ತಿಗೆ ಕಳಿಸಿದ ಹಣ ಜಮೆಯಾಗದಿದ್ದರೆ ವ್ಯವಹಾರದ ಮರುದಿನದೊಳಗೆ ವಾಪಸಾಗಬೇಕು. ವ್ಯಾಪಾರಿಗೆ ಮಾಡಿದ ಪಾವತಿ ಅಲ್ಲಿ ದೃಢವಾಗದಿದ್ದರೆ ಐದು ದಿನದೊಳಗೆ. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ಕೇಳದೆಯೇ ಜಮೆಯಾಗಬೇಕು. ಸಂತೆಯಲ್ಲಿ ತರಕಾರಿ ಮಾರುವವರು ಅನೇಕ ಸಲ ತಮ್ಮ ಸ್ವಂತ ಖಾತೆಯ ಕ್ಯೂಆರ್ ಇಟ್ಟಿರುತ್ತಾರೆ. ಅದು ವ್ಯಕ್ತಿಗೆ ಕಳಿಸಿದ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಅಲ್ಲಿ ಗಡುವು ಮರುದಿನದ್ದೇ.

ಈ ಗಡುವುಗಳನ್ನು ಆಪ್ ಒಂದು ಸಾಲಿನಲ್ಲಿ ತೋರಿಸಬಹುದಿತ್ತು. ‘ನಿಮ್ಮ ಬ್ಯಾಂಕ್ ಕಡಿತ ಮಾಡಿದೆ, ಎದುರಿನ ಬ್ಯಾಂಕಿನ ಉತ್ತರ ಬಾಕಿ ಇದೆ, ಇಂಥ ದಿನಾಂಕದವರೆಗೆ ಕಾಯಿರಿ, ಮತ್ತೆ ಪಾವತಿಸಬೇಡಿ’ ಎಂದರೆ ಅರ್ಧ ಜಗಳ ಕೌಂಟರಿನಲ್ಲೇ ಮುಗಿಯುತ್ತದೆ. ಅದರ ಬದಲು ‘ಸ್ವಲ್ಪ ಸಮಯದ ನಂತರ ಪರಿಶೀಲಿಸಿ’ ಎನ್ನುತ್ತದೆ. ಹಿಂದೆ ಗ್ರಾಹಕರು ನಿಂತಿರುವಾಗ ಎಷ್ಟು ಸಮಯ ಎಂದು ಅಂಗಡಿಯವರು ಕೇಳಿದರೆ ಹೇಳಲು ನಮ್ಮ ಬಳಿ ಏನೂ ಇರುವುದಿಲ್ಲ.

ದೂರಿನ ವ್ಯವಸ್ಥೆ ಮಾತ್ರ ಮೆಚ್ಚಬೇಕಾದದ್ದು. ಆ ವ್ಯವಹಾರವನ್ನೇ ತೆರೆದು ಅಲ್ಲಿಂದ ದೂರು ಹಾಕಿದರೆ ಸಂಖ್ಯೆ ತಾನಾಗಿ ಸೇರಿಕೊಳ್ಳುತ್ತದೆ, ಸ್ಥಿತಿಯೂ ಅಲ್ಲೇ ಕಾಣುತ್ತದೆ. ಕಸ್ಟಮರ್ ಕೇರ್ ನಂಬರನ್ನು ಅಂತರ್ಜಾಲದಲ್ಲಿ ಹುಡುಕಲು ಹೋಗಬೇಡಿ, ಅಲ್ಲಿ ಕಳ್ಳರು ಕಾದಿರುತ್ತಾರೆ. ಹಣ ವಾಪಸು ಪಡೆಯಲು ಯಾರಿಗೂ ನಿಮ್ಮ ಪಿನ್ ಬೇಕಾಗಿಲ್ಲ. ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು: cms.rbi.org.in.

ಚಹಾ, ಬ್ರೆಡ್ಡಿನಂಥ ಸಣ್ಣ ಖರ್ಚಿಗೆ ಈಗ ಆಪಿನೊಳಗಿನ ಯುಪಿಐ ಲೈಟ್ ಬಳಸುತ್ತೇನೆ. ಅದರಲ್ಲಿ ಮೊದಲೇ ತುಂಬಿಟ್ಟ ಹಣದಿಂದ ಪಾವತಿಯಾಗುವುದರಿಂದ, ಪ್ರತಿ ಸಲವೂ ನನ್ನ ಬ್ಯಾಂಕಿನ ಸರ್ವರ್ ಬಾಗಿಲು ತಟ್ಟುವ ಗೊಡವೆ ಇಲ್ಲ. ಕಡಿತದ ಕಡೆಯ ತೊಂದರೆ ಇದರಿಂದ ಎದ್ದು ಕಾಣುವಷ್ಟು ಕಡಿಮೆಯಾಗಿದೆ. ಜಮೆಯ ಕಡೆಯ ತೊಂದರೆಗೆ ಮಾತ್ರ ಇದು ಮದ್ದಲ್ಲ, ಎದುರಿನ ಬ್ಯಾಂಕ್ ಉತ್ತರಿಸದಿದ್ದರೆ ಲೈಟಿನ ಹಣವೂ ನಡುದಾರಿಯಲ್ಲಿ ನಿಲ್ಲುತ್ತದೆ.