‘ಐನೂರು ವರ್ಷದ ವಿಗ್ರಹ’ದ ಫೋಟೊ ಬಂದರೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಮಂಡ್ಯದಲ್ಲಿರುವ ನಮ್ಮ ಚಿಕ್ಕಪ್ಪ ಒಂದು ವೇಣುಗೋಪಾಲನ ವಿಗ್ರಹಕ್ಕೆ 60,000 ರೂಪಾಯಿ ಅಡ್ವಾನ್ಸ್ ಕೊಟ್ಟರು. ಆ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಮಾರುವವನು ವಾಟ್ಸಾಪ್‌ನಲ್ಲಿ ಆರೇಳು ಫೋಟೊ ಕಳಿಸಿದ್ದ. ಶ್ರೀರಂಗಪಟ್ಟಣದ ಕಡೆಯ ಹಳೇ ಮನೆಯದು, ವಿಜಯನಗರ ಕಾಲದ ಪಂಚಲೋಹ, ಮೊದಲು ಉತ್ಸವಮೂರ್ತಿಯಾಗಿತ್ತು, ಆಮೇಲೆ ತಲೆತಲಾಂತರದಿಂದ ಮನೆಯಲ್ಲೇ ಪೂಜೆ ನಡೆದಿದೆ ಎಂದ. ದುಡ್ಡು ಕೊಟ್ಟ ಮೇಲೆ ಆ ಫೋಟೊಗಳು ನನ್ನ ಕೈಗೆ ಬಂದವು. ಹಳೇ ಲೋಹದ ವಿಗ್ರಹಗಳನ್ನು ನೋಡುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಅವನ ಕಥೆಗೂ ಆ ವಿಗ್ರಹಕ್ಕೂ ತಾಳೆಯೇ ಆಗುತ್ತಿರಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಹಸಿರು ಕಿಲುಬು. ಮೈಮೇಲೆಲ್ಲ ದಪ್ಪಗೆ ಕೂತಿತ್ತು. ದಿನಾ ಪೂಜೆಯಾಗುವ ವಿಗ್ರಹ ಹೀಗಿರಲ್ಲ. ಅಭಿಷೇಕ ಮಾಡುತ್ತಾರೆ, ಎಣ್ಣೆ ಹಚ್ಚುತ್ತಾರೆ, ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ಸಂದಿಗಳಲ್ಲಿ ಮಾತ್ರ ಕಪ್ಪು ಜಿಡ್ಡು ಉಳಿಯುತ್ತದೆ. ದಪ್ಪ ಹಸಿರು ಕಿಲುಬು ಬರುವುದು ಸಾಮಾನ್ಯವಾಗಿ ಬಹಳ ಕಾಲ ಮಣ್ಣಲ್ಲಿ ಹೂತಿದ್ದ ವಿಗ್ರಹಕ್ಕೆ. ಅಂದರೆ ಒಂದೋ ಹೂತಿತ್ತು ಅನ್ನಬೇಕು, ಇಲ್ಲಾ ಪೂಜೆಯಲ್ಲಿತ್ತು ಅನ್ನಬೇಕು. ಇವನು ಹೇಳಿದ್ದು ಪೂಜೆಯ ಕಥೆ, ವಿಗ್ರಹದ ಮೈ ಮಾತ್ರ ಹೂತಿದ್ದರ ಹಾಗಿತ್ತು.

ಹೂತಿದ್ದದ್ದೇ ನಿಜ ಅಂತ ಇಟ್ಟುಕೊಂಡರೂ ಕಿಲುಬು ಅಸಲಿಯಾಗಿರಲಿಲ್ಲ. ಪೀಠದ ಬಲ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಜೂಮ್ ಮಾಡಿ ನೋಡಿದೆ. ಮೇಲೆ ಹಸಿರು, ಕೆಳಗೆ ನೇರವಾಗಿ ಹೊಳೆಯುವ ಹಳದಿ ಲೋಹ. ನೂರಾರು ವರ್ಷ ನೆಲದಲ್ಲಿದ್ದ ತಾಮ್ರದ ಮಿಶ್ರಲೋಹದಲ್ಲಿ ಸಾಮಾನ್ಯವಾಗಿ ಹಸಿರಿನ ಕೆಳಗೆ ಇಟ್ಟಿಗೆಗೆಂಪಿನ ಇನ್ನೊಂದು ಪದರ ಇರುತ್ತದೆ. ಅದು ಕ್ಯುಪ್ರೈಟ್. ಲೋಹವೇ ನಿಧಾನವಾಗಿ ಬದಲಾಗಿ ಆದದ್ದು, ಹಾಗಾಗಿ ಮೈಗೆ ಬಿಗಿಯಾಗಿ ಅಂಟಿರುತ್ತದೆ. ಆಸಿಡ್, ಉಪ್ಪು, ಅಮೋನಿಯಾ ಹಾಕಿದರೆ ಕೆಲವೇ ದಿನದಲ್ಲಿ ಹಸಿರು ಬರಿಸಬಹುದು. ಆದರೆ ಅದು ಬಣ್ಣ ಬಳಿದ ಹಾಗೆ ಮೇಲೆ ಕೂತಿರುತ್ತದೆ, ಒರೆಸಿದರೆ ಪುಡಿ ಬರುತ್ತದೆ.

ಸವೆತವೂ ಸರಿಯಿರಲಿಲ್ಲ. ಮುಖ ನುಣುಪಾಗಿತ್ತು, ಅದನ್ನೇ ತೋರಿಸಿ ಹಳೇದು ಎಂದು ಚಿಕ್ಕಪ್ಪನವರನ್ನು ನಂಬಿಸಿದ್ದ. ಕೈ ಸೋಕುವ ಕಡೆ ವಿಗ್ರಹ ಸವೆಯುತ್ತದೆ: ಮೂಗು, ಕೆನ್ನೆ, ಮಂಡಿ, ಕಾಲ್ಬೆರಳು. ಕೈ ಹೋಗದ ಕಂಕುಳ ಸಂದಿಯಲ್ಲಿ, ಕತ್ತಿನ ಹಿಂದೆ ಕೆತ್ತನೆ ಚೂಪಾಗಿಯೇ ಉಳಿಯಬೇಕು. ಇದರಲ್ಲಿ ಹಾರದ ಮಣಿಗಳು ಎದೆಯ ಮೇಲೆ ಎಷ್ಟು ಮಸುಕಾಗಿದ್ದವೋ ಬೆನ್ನ ಮೇಲೂ ಅಷ್ಟೇ ಮಸುಕು. ಇದು ಸವೆತ ಅಲ್ಲವೇ ಅಲ್ಲ. ಬೇರೆ ವಿಗ್ರಹದಿಂದ ಅಚ್ಚು ತೆಗೆದು ಎರಕ ಹೊಯ್ದರೆ ಸೂಕ್ಷ್ಮ ಗೆರೆಗಳು ಹೀಗೆ ಎಲ್ಲಾ ಕಡೆ ಒಂದೇ ಸಮ ಕರಗುತ್ತವೆ. ಪೀಠದ ಬಳೆಗಳನ್ನೂ ನೋಡಿದೆ. ಉತ್ಸವಕ್ಕೆ ಹೊತ್ತು ತಿರುಗಿದ ಮೂರ್ತಿಯಾದರೆ ಹಗ್ಗ, ಕೋಲು ಉಜ್ಜಿ ಒಳಗಡೆ ನಯವಾಗಿರಬೇಕು. ಇಲ್ಲಿ ಅಂಚು ಇನ್ನೂ ಹರಿತವಾಗಿತ್ತು.

ಪೀಠದ ತಳದ ಫೋಟೊ ಕೇಳಿದಾಗ ಸತಾಯಿಸಿ ಕಳಿಸಿದ. ಗ್ರೈಂಡರಿನ ಕಮಾನು ಗೆರೆಗಳು ಎದ್ದು ಕಾಣುತ್ತಿದ್ದವು. ಸೊಂಟದಿಂದ ಪೀಠದವರೆಗೆ ಎರಡೂ ಪಕ್ಕದಲ್ಲಿ ಸಣ್ಣ ಏಣು ಗೆರೆ ಇತ್ತು. ಎರಡು ಭಾಗದ ಅಚ್ಚು ಕೂಡುವ ಕಡೆ ಬೀಳುವ ಗೆರೆ ಅದು. ನಮ್ಮ ಕಡೆಯ ಹಳೇ ವಿಗ್ರಹಗಳು ಮೇಣದ ಎರಕದವು. ಮೇಣದ ಮೂರ್ತಿಗೆ ಮೆತ್ತಿದ ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿ ತೆಗೆಯುವುದರಿಂದ ಆ ಗೆರೆ ಬರಲ್ಲ. ಹಾಗಂತ ಗೆರೆ ಇಲ್ಲದ್ದೆಲ್ಲ ಹಳೇದು ಅಂದುಕೊಳ್ಳಬೇಡಿ. ತಮಿಳುನಾಡಿನ ಸ್ವಾಮಿಮಲೈಯಲ್ಲಿ ಇವತ್ತಿಗೂ ಮೇಣದ ಎರಕವೇ ನಡೆಯುತ್ತದೆ. ಮತ್ತೆ, ಗೆರೆಯನ್ನು ಅರ ಹಾಕಿ ಅಳಿಸಲೂಬಹುದು.

ಫೋಟೊದಿಂದ ‘ಇದು ಹೇಳಿದಷ್ಟು ಹಳೇದಲ್ಲ’ ಎಂದು ಒಮ್ಮೊಮ್ಮೆ ಹೇಳಬಹುದು. ‘ಇದು ಐನೂರು ವರ್ಷದ್ದೇ’ ಎಂದು ಯಾರೂ ಹೇಳಲಾರರು. ಯಾರಾದರೂ ಫೋನಿನಲ್ಲೇ ಶತಮಾನ ಹೇಳಿದರೆ ಅಲ್ಲೇ ನಿಲ್ಲಿಸಿ. ‘ಲ್ಯಾಬ್ ರಿಪೋರ್ಟ್ ಇದೆ’ ಅಂದರೂ ಯಾವ ಟೆಸ್ಟ್ ಎಂದು ಕೇಳಿ. ಕಾರ್ಬನ್ ಟೆಸ್ಟ್ ಲೋಹಕ್ಕೆ ನಡೆಯಲ್ಲ. ಟಿಎಲ್ ಅಂದರೆ ಥರ್ಮೋಲ್ಯುಮಿನೆಸೆನ್ಸ್ ಟೆಸ್ಟ್ ಸುಟ್ಟ ಮಣ್ಣಿನ ವಯಸ್ಸು ಅಳೆಯುತ್ತದೆ, ಅದಕ್ಕೆ ವಿಗ್ರಹದ ಒಳಗೆ ಎರಕದ ಸುಟ್ಟ ಮಣ್ಣು ಉಳಿದಿರಬೇಕು. ನಮ್ಮ ದಕ್ಷಿಣದ ವಿಗ್ರಹಗಳು ಬಹುತೇಕ ಗಟ್ಟಿ ಎರಕ, ಒಳಗೆ ಮಣ್ಣೇ ಇರಲ್ಲ.

ಚಿಕ್ಕಪ್ಪ ದಾಖಲೆ ಕೇಳಿದಾಗ ಅವನು ‘ಮನೆ ದೇವರಿಗೆ ಪೇಪರ್ ಯಾಕೆ ಸಾರ್’ ಎಂದಿದ್ದನಂತೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಿಗ್ರಹ ನೋಂದಣಿಯಾಗಿರಬೇಕು. ಕೈ ಬದಲಾದರೆ ತಿಳಿಸಬೇಕು. ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು. ಅವನ ಮಾತು ನಿಜವಾಗಿದ್ದರೆ ಕಥೆ ಇನ್ನೂ ಕೆಟ್ಟದ್ದಿರುತ್ತಿತ್ತು. ಯಾವುದೋ ಊರಿನ ಗುಡಿಯಿಂದ ಕದ್ದ ಮೂರ್ತಿ ನಮ್ಮ ಚಿಕ್ಕಪ್ಪನ ದೇವರಮನೆಯಲ್ಲಿ ಸಿಗುತ್ತಿತ್ತು, ಅಲ್ವಾ?

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಅವನ ನಂಬರ್ ಸ್ವಿಚ್ಡ್ ಆಫ್ ಬರುತ್ತಿದೆ. ಆದರೆ ಅದೇ ಫೋಟೊಗಳು ಈಗ ಮೈಸೂರಿನ ಪರಿಚಯದವರೊಬ್ಬರಿಗೆ ಬೇರೆ ನಂಬರಿನಿಂದ ಬಂದಿವೆ, ಈ ಸಲ ‘ಚೋಳರ ಕಾಲದ್ದು’ ಎಂಬ ಮಾತಿನ ಜೊತೆ. ಸುಮಾರು ಒಂದಡಿ ಎತ್ತರದ ವೇಣುಗೋಪಾಲ, ಪೀಠದ ಬಲ ಮೂಲೆಯಲ್ಲಿ ಚಕ್ಕೆ ಎದ್ದಿದೆ. ನಿಮಗೆ ಬಂದರೆ ದುಡ್ಡು ಹಾಕಬೇಡಿ. ಆ ನಂಬರ್ ಮತ್ತು ಫೋಟೊಗಳನ್ನು ಅಳಿಸದೆ ಹತ್ತಿರದ ಠಾಣೆಗೆ ಕೊಡಿ.