ಟಚ್ ಪ್ರೋಬ್, ಇಂಡಕ್ಟಿವ್ ಸೆನ್ಸರ್: ಮೆಶ್ ನಂಬುವ ಮೊದಲು ಯಾವುದನ್ನು ನಂಬಬೇಕು?

ಮೊದಲೇ ಹೇಳಿಬಿಡುತ್ತೇನೆ. ನನ್ನ 3ಡಿ ಪ್ರಿಂಟರಿನಲ್ಲಿ ಬೆಡ್‌ನ ಎತ್ತರ ಅಳೆಯಲು ಈಗ ಇರುವುದು ಪಿನ್‌ನಿಂದ ಮುಟ್ಟಿ ನೋಡುವ ಟಚ್ ಪ್ರೋಬ್, ಅದನ್ನು ಬದಲಿಸುವ ಯೋಚನೆ ನನಗಿಲ್ಲ. ಅದಕ್ಕೂ ಮುಂಚೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ತಂದ, ಮುಟ್ಟದೆಯೇ ಲೋಹವನ್ನು ಗುರುತಿಸುವ ಇಂಡಕ್ಟಿವ್ ಸೆನ್ಸರ್ ಇತ್ತು. ಅದು ತುಂಬಾ ಅಗ್ಗ, ಗಟ್ಟಿಮುಟ್ಟು, ಒಳಗೆ ಓಡಾಡುವ ಭಾಗವೇ ಇಲ್ಲ. ಆದರೂ ತೆಗೆದುಹಾಕಿದೆ.

ಡೊಂಬಿವ್ಲಿಯ ನಮ್ಮ ಸೊಸೈಟಿಯಲ್ಲಿ ಬಾಗಿಲಿಗೆ ಹಾಕುವ ಹೆಸರಿನ ಫಲಕಗಳನ್ನು ಪ್ರಿಂಟ್ ಮಾಡಿಕೊಡುತ್ತೇನೆ. ಫಲಕ ಬೆಡ್‌ನ ಹೆಚ್ಚುಕಮ್ಮಿ ಪೂರ್ತಿ ಉದ್ದಕ್ಕೆ ಇರುತ್ತದೆ. ಅಕ್ಷರಗಳು ಕೆಳಮುಖವಾಗಿರುವುದರಿಂದ ಮೊದಲ ಲೇಯರ್ ಕೆಟ್ಟರೆ ಫಲಕವೇ ಕೆಟ್ಟ ಹಾಗೆ. ಇಂಡಕ್ಟಿವ್ ಇದ್ದಾಗ ಮುಂದಿನ ತುದಿಯಲ್ಲಿ ಗೆರೆಗಳು ಒಂದಕ್ಕೊಂದು ಅಂಟುತ್ತಿರಲಿಲ್ಲ. ಹಿಂದಿನ ತುದಿಯಲ್ಲಿ ನಾಝಲ್ ಬೆಡ್‌ಗೆ ಉಜ್ಜುತ್ತಿತ್ತು. ಪ್ರತಿ ಸಲ ಹೊಸದಾಗಿ ಮೆಶ್, ಅಂದರೆ ಬೆಡ್‌ನ ಏರುತಗ್ಗುಗಳ ನಕ್ಷೆ, ತೆಗೆದರೂ ಅದೇ ಕಥೆ.

ಪ್ರೋಬ್ ಪರೀಕ್ಷೆ ಮಾತ್ರ ಪಾಸ್ ಆಗುತ್ತಿತ್ತು. ಪ್ರಿಂಟರ್ ನಡೆಸುವ ಕ್ಲಿಪ್ಪರ್ ಫರ್ಮ್‌ವೇರ್‌ನಲ್ಲಿ `PROBE_ACCURACY` ಕೊಟ್ಟರೆ ಒಂದೇ ಜಾಗವನ್ನು ಹತ್ತು ಸಲ ಅಳೆದು ಕೊನೆಗೆ ರೇಂಜ್, ಸ್ಟ್ಯಾಂಡರ್ಡ್ ಡೀವಿಯೇಶನ್ ತೋರಿಸುತ್ತದೆ. ರೇಂಜ್ ಅಂದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಯ ನಡುವಿನ ಅಂತರ. ಅದು 0.025 ಮಿ.ಮೀ. ದಾಟಿದರೆ ಆ ಪ್ರೋಬ್ ಬೆಡ್ ಲೆವೆಲಿಂಗ್‌ಗೆ ಸಾಲದು ಎಂದು ಕ್ಲಿಪ್ಪರ್ ಕೈಪಿಡಿ ಹೇಳುತ್ತದೆ. ನನ್ನದು 0.015. ಇಂಡಕ್ಟಿವ್ ಬಳಸುವ ಮುಲುಂಡಿನ ಗೆಳೆಯನಿಗೆ ತೋರಿಸಿದೆ. "ಲಿಮಿಟಿನ ಒಳಗೇ ಉಂಟಲ್ಲ ಮಾರಾಯ, ಇನ್ನೆಂತ ಬೇಕು ನಿಂಗೆ?" ಅಂದ.

ತೊಂದರೆ ಇದ್ದದ್ದು ಆ ಹತ್ತು ಅಳತೆಗಳು ಬಂದ ಕ್ರಮದಲ್ಲಿ. ಬೆಡ್ 60 ಡಿಗ್ರಿ ಮುಟ್ಟಿದ ಕೂಡಲೇ ಇಂಡಕ್ಟಿವ್ ಕೊಟ್ಟದ್ದು ಇದು:

```
1.0425  1.0400  1.0400  1.0375  1.0350
1.0350  1.0325  1.0300  1.0300  1.0275
```

ಇದೇ ಸ್ಥಿತಿಯಲ್ಲಿ, ಆಮೇಲೆ ಹಾಕಿದ ಟಚ್ ಪ್ರೋಬ್ ಕೊಟ್ಟದ್ದು:

```
1.9950  2.0075  1.9975  2.0025  1.9925
2.0000  2.0050  1.9975  2.0000  1.9950
```

ಎರಡರಲ್ಲೂ ರೇಂಜ್ 0.015. ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡ ಹತ್ತಿರಹತ್ತಿರ ಒಂದೇ: ಮೊದಲನೆಯದಕ್ಕೆ 0.0047, ಎರಡನೆಯದಕ್ಕೆ 0.0045. ಕೊನೆಯ ಸಾಲನ್ನಷ್ಟೇ ಓದಿದರೆ ಎರಡೂ ಸಮ. ಆದರೆ ಟಚ್‌ನ ಅಳತೆ ಆಚೀಚೆ ಹಾರಿ ಮತ್ತೆ ನಡುವಿಗೆ ಬರುತ್ತದೆ. ಇಂಡಕ್ಟಿವ್‌ನದು ಒಂದೇ ದಿಕ್ಕಿಗೆ ಇಳಿಯುತ್ತಾ ಹೋಗುತ್ತದೆ, ಒಂದು ಸಲವೂ ಮೇಲೆ ಹತ್ತುವುದಿಲ್ಲ. ಟಚ್‌ನದು ಚೆಲ್ಲಾಟ, ಇಂಡಕ್ಟಿವ್‌ನದು ಜಾರಾಟ. ಚೆಲ್ಲಾಟಕ್ಕೆ ಮದ್ದಿದೆ.

ಜಾರುವುದಕ್ಕೆ ಕಾರಣ ಬಿಸಿ. ಇಂಡಕ್ಟಿವ್ ಸೆನ್ಸರಿನ ತುದಿಯಲ್ಲಿ ತಾಮ್ರದ ಸುರುಳಿ ಇದೆ, ಅದರಲ್ಲಿ ಕರೆಂಟ್ ಸದಾ ಮಿಡಿಯುತ್ತಿರುತ್ತದೆ. ಲೋಹ ಹತ್ತಿರ ಬಂದಂತೆ ಆ ಮಿಡಿತ ಕುಗ್ಗುತ್ತದೆ, ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಸೆನ್ಸರ್ ಸಿಗ್ನಲ್ ಕೊಡುತ್ತದೆ. ಸುರುಳಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಸಿಗ್ನಲ್ ಕೊಡುವ ದೂರವೂ ಬದಲಾಗುತ್ತದೆ. ಅಳೆಯುವಾಗ ಸೆನ್ಸರ್ ಬಿಸಿ ಬೆಡ್‌ನ ನೆತ್ತಿಯ ಮೇಲೇ ಓಡಾಡುತ್ತಿರುತ್ತದೆ ಅಲ್ವಾ, ಹಾಗಾಗಿ ಅಳೆಯುತ್ತಾ ಅಳೆಯುತ್ತಾ ತಾನೂ ಕಾಯುತ್ತದೆ. ನಮ್ಮ ಮನೆಯಲ್ಲಿ ಏಸಿ ಇಲ್ಲ. ಸೀಲಿಂಗ್ ಫ್ಯಾನ್ ಓಡುತ್ತಿದ್ದರೆ ಜಾರುವುದು ಒಂದು ಲೆಕ್ಕ, ನಿಲ್ಲಿಸಿದರೆ ಇನ್ನೊಂದು ಲೆಕ್ಕ.

ಈಗ ಮೆಶ್ ವಿಷಯಕ್ಕೆ ಬನ್ನಿ. 5×5 ಮೆಶ್ ಅಂದರೆ 25 ಜಾಗ. ಪ್ರೋಬ್ ಮುಂದಿನ ಸಾಲಿನಿಂದ ಶುರುಮಾಡಿ, ಸಾಲುಸಾಲಾಗಿ ಹಿಂದಕ್ಕೆ ಹೋಗುತ್ತದೆ. ಹತ್ತು ಅಳತೆಗೆ 0.015 ಜಾರುವ ಸೆನ್ಸರ್ 25 ಜಾಗ ಮುಗಿಸುವಷ್ಟರಲ್ಲಿ ಸುಮಾರು 0.04 ಜಾರಿರುತ್ತದೆ. ಬೆಡ್ ಸಮತಟ್ಟಾಗಿಯೇ ಇದ್ದರೂ ಹಿಂದಿನ ತುದಿ 0.04 ತಗ್ಗಿದೆ ಎಂದು ಮೆಶ್ ಬರೆದುಕೊಳ್ಳುತ್ತದೆ. ಆ ಇಲ್ಲದ ತಗ್ಗನ್ನು ತುಂಬಲು ಪ್ರಿಂಟರ್ ಹಿಂದೆ ನಾಝಲ್ ಇಳಿಸುತ್ತದೆ. ಮೊದಲ ಲೇಯರ್ ದಪ್ಪವೇ 0.2, ಅದರಲ್ಲಿ ಐದನೇ ಒಂದು ಭಾಗ ಹೋಯಿತು. ನನ್ನ ಫಲಕದ ಹಿಂದಿನ ತುದಿಯಲ್ಲಿ ನಾಝಲ್ ಉಜ್ಜುತ್ತಿದ್ದದ್ದು ಇದಕ್ಕೇ.

ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. `BED_MESH_CALIBRATE` ಅನ್ನು ಬೆನ್ನುಬೆನ್ನಿಗೆ ಎರಡು ಸಲ ಓಡಿಸಿ, ಎರಡು ಮೆಶ್‌ಗಳ ಒಂದೊಂದು ಜಾಗವನ್ನೂ ಕಳೆದು ನೋಡಿ. ಬೆಡ್ ಅದೇ, ಆದ್ದರಿಂದ ಉಳಿಕೆ ಸೊನ್ನೆಯ ಆಸುಪಾಸಿನಲ್ಲಿ ಚದುರಿರಬೇಕು. ಉಳಿಕೆಯಲ್ಲಿ ಮುಂದಿನಿಂದ ಹಿಂದಕ್ಕೆ ಇಳಿಜಾರೋ ಏರೋ ಕಂಡರೆ ಅದು ಬೆಡ್‌ನದಲ್ಲ, ಸೆನ್ಸರಿನದು. ಎರಡನೇ ಸಲಕ್ಕೆ ಸೆನ್ಸರ್ ಮೊದಲೇ ಸ್ವಲ್ಪ ಕಾದಿರುವುದರಿಂದ ಜಾರುವುದು ಕಡಿಮೆಯಾಗಿರುತ್ತದೆ, ಆ ವ್ಯತ್ಯಾಸವೇ ಉಳಿಕೆಯಲ್ಲಿ ಕಾಣುವುದು. ಮಾರ್ಲಿನ್ ಫರ್ಮ್‌ವೇರ್ ಬಳಸುವವರು `M48 P10 V4` ಕೊಟ್ಟರೆ ಪ್ರತಿ ಅಳತೆಯೂ ತೆರೆಯ ಮೇಲೆ ಬರುತ್ತದೆ. ಸರಾಸರಿ ನೋಡಿ ಬಿಡಬೇಡಿ, ಕ್ರಮ ನೋಡಿ.

ಟಚ್ ಪ್ರೋಬ್‌ಗೂ ಅದರದ್ದೇ ಕಿರಿಕಿರಿ ಇದೆ. ಪಿನ್‌ಗೆ ಫಿಲಮೆಂಟ್ ಎಳೆಯೋ ಧೂಳೋ ಅಂಟಿದರೆ ಅದು ಸಲೀಸಾಗಿ ಜಾರುವುದಿಲ್ಲ, ಒಂದು ಅಳತೆ ಸುಮ್ನೆ ಎಲ್ಲೋ ಹಾರುತ್ತದೆ. ಅಗ್ಗದ ನಕಲಿಯಲ್ಲಿ ಪಿನ್ ಆಚೀಚೆ ಅಲುಗುವುದೂ ಜಾಸ್ತಿ. ನಾನು ಮೊದಲು ಕೊಂಡ ನಕಲಿ ಆ 0.025ರ ಗೆರೆಯನ್ನು ಆಗಾಗ ದಾಟುತ್ತಿತ್ತು, ಅದಕ್ಕೇ ಅಸಲಿಗೆ ಹೋದೆ. ಆದರೆ ಟಚ್‌ನ ತಪ್ಪನ್ನು ಪ್ರಿಂಟರೇ ಹಿಡಿಯಬಲ್ಲದು. ಕ್ಲಿಪ್ಪರ್‌ನ `printer.cfg` ಫೈಲಿನಲ್ಲಿ `[bltouch]` ಕೆಳಗೆ ಇಷ್ಟು ಬರೆದರೆ ಆಯಿತು:

```
samples: 3
samples_result: median
samples_tolerance: 0.015
samples_tolerance_retries: 3
```

ಪ್ರತಿ ಜಾಗವನ್ನೂ ಮೂರು ಸಲ ಮುಟ್ಟಿ ನಡುವಿನ ಅಳತೆಯನ್ನು ತೆಗೆದುಕೊಳ್ಳುತ್ತದೆ. ಮೂರರ ನಡುವೆ 0.015ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಅಳೆಯುತ್ತದೆ. ನಾವೇ ಬರೆಯದಿದ್ದರೆ ಟಾಲರೆನ್ಸ್ 0.1 ಇರುತ್ತದೆ, ಅದು ತೀರಾ ಸಡಿಲ. ಇದೇ ಸಾಲುಗಳನ್ನು ಇಂಡಕ್ಟಿವ್‌ಗೆ ಬರೆದರೆ ಲಾಭವಿಲ್ಲ. ಒಂದೇ ಜಾಗದ ಮೂರು ಅಳತೆಗಳ ನಡುವೆ ಅದು ಜಾರುವುದು ಬರೀ 0.003 ಅಷ್ಟೇ, ಜರಡಿಗೆ ಸಿಗುವುದೇ ಇಲ್ಲ. ನನ್ನ ಮನಸ್ಸು ಟಚ್ ಕಡೆ ವಾಲಿದ್ದು ಇಲ್ಲೇ.

ಇಂಡಕ್ಟಿವ್‌ಗೂ ದಾರಿ ಇಲ್ಲ ಅಂತಲ್ಲ. ಬೆಡ್ ಬಿಸಿಯಾದ ಮೇಲೆ ಸೆನ್ಸರನ್ನು ಬೆಡ್‌ಗೆ ಹತ್ತಿರವೇ ನಿಲ್ಲಿಸಿ, ಅಳತೆ ಜಾರುವುದು ನಿಲ್ಲುವ ತನಕ ಕಾಯಬೇಕು. ಆಮೇಲೆ ಮೆಶ್ ತೆಗೆದರೆ ಚೆನ್ನಾಗಿಯೇ ಬರುತ್ತದೆ. ಬಿಸಿಗೆ ತಕ್ಕ ತಿದ್ದುಪಡಿಯನ್ನು ಒಳಗೇ ಇಟ್ಟುಕೊಂಡ ಸೆನ್ಸರ್‌ಗಳೂ ಇವೆ, ಪ್ರೂಸಾದ ಸೂಪರ್‌ಪಿಂಡಾ ಅಂಥದ್ದು. ದಪ್ಪ ಗಾಜಿನ ಬೆಡ್ ಇರುವವರು ಇಂಡಕ್ಟಿವ್ ಆಸೆ ಬಿಡಬೇಕು.

ಎಕ್ಸ್ ರೈಲು ತಿರುಚಿದ್ದರೆ ಎರಡೂ ಸುಳ್ಳು ಹೇಳುತ್ತವೆ. ಪ್ರೋಬ್ ನಾಝಲ್‌ನಿಂದ ಪಕ್ಕಕ್ಕೆ ಇರುವುದರಿಂದ ಅದು ಬೇರೆಯೇ ರಗಳೆ.

ಗೆಳೆಯ ರಾತ್ರಿ ಹಚ್ಚಿ ಬೆಳಿಗ್ಗೆ ತೆಗೆಯುವವನು. ಅರ್ಧ ಗಂಟೆ ಕಾಯಿಸುವುದು ಅವನಿಗೆ ಭಾರವಲ್ಲ, ಅವನು ಕೆಲವೇ ನೂರು ರೂಪಾಯಿಯ ಸೆನ್ಸರಿನಲ್ಲಿ ಸುಖವಾಗಿದ್ದಾನೆ. ನಾನು ಆಫೀಸಿನಿಂದ ಲೋಕಲ್ ಹಿಡಿದು ಬಂದು, ಊಟಕ್ಕೆ ಮೊದಲು ಒಂದು ಫಲಕ ಹಚ್ಚುವವನು. ಅಸಲಿ ಟಚ್‌ಗೆ ಅದರ ಹತ್ತು ಪಟ್ಟು ಕೊಟ್ಟೆ. ಪಿನ್ ಒರೆಸಿ, ಒಮ್ಮೆ `PROBE_ACCURACY` ಓಡಿಸಿ, ಹತ್ತು ಅಳತೆಗಳ ಕ್ರಮ ನೋಡಿ, ನೇರ ಮೆಶ್‌ಗೆ ಹೋಗುತ್ತೇನೆ.